ಹಣ್ಣಾಗದ ಹುಳು

ರೇಷ್ಮೆ ಹುಳುವಿನ ಎರಡು ಬೆಳೆ ಹಾಲು ರೋಗಕ್ಕೆ ಹೋಗಿದ್ದವು. ಮೂರನೆಯದಕ್ಕೆ ಮೊಟ್ಟೆ ತಂದ ದಿನವೇ ಅಣ್ಣ ಹುಳದ ಮನೆಯ ಬಾಗಿಲಲ್ಲಿ ನಿಂತು ನನ್ನ ಹೆಂಡತಿಗೆ ಹೇಳಿದ್ದ: "ನೋಡಮ್ಮ, ಈ ಸಲ ಗೂಡು ಕಟ್ಟಿದ್ರೆ ಹಿಪ್ಪುನೇರಳೆ ತೋಟ ನಿನ್ನದು, ನಾನು ತುಟಿ ಬಿಚ್ಚಲ್ಲ. ಕಟ್ಟದಿದ್ರೆ ಬುಡಸಮೇತ ಕಿತ್ತು ಬದನೆ ಹಾಕ್ತೀನಿ."

"ಕಟ್ಟುತ್ತೆ ಭಾವ," ಎಂದಳು. ಆ ತೋಟದ ಒಂದೊಂದು ಕಡ್ಡಿಯನ್ನೂ ಅವಳೇ ನೆಟ್ಟವಳು.

ಮೊಟ್ಟೆಯ ಹಾಳೆಯನ್ನು ಮೂಲೆಮನೆ ಅಕ್ಕನೊಂದಿಗೆ ಅರ್ಧರ್ಧ ಹಂಚಿಕೊಂಡಿದ್ದೆವು. ಮೊಟ್ಟೆಗಳ ಮೇಲೆ ಕಪ್ಪು ಚುಕ್ಕೆ ಮೂಡಿದ ಮೇಲೆ ಹಾಳೆಯನ್ನು ಕತ್ತಲಲ್ಲಿ ಮುಚ್ಚಿಟ್ಟು, ಬೆಳಿಗ್ಗೆ ತೆರೆದಾಗ ಎಲ್ಲವೂ ಒಟ್ಟಿಗೆ ಒಡೆದಿದ್ದವು. ಇರುವೆಗಿಂತ ಸಣ್ಣ ಕರಿ ಮರಿಗಳು. ಅವಳು ಎಳೆ ಎಲೆಯನ್ನು ಒಗ್ಗರಣೆಗೆ ಹೆಚ್ಚುವಷ್ಟು ಸಣ್ಣಗೆ ಹೆಚ್ಚಿ ಹಾಕಿದಳು. ಮೂರ್ನಾಲ್ಕು ದಿನಕ್ಕೊಮ್ಮೆ ಹುಳು ತಿನ್ನುವುದು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂತು ಪೊರೆ ಬಿಡುತ್ತದೆ. ಅದಕ್ಕೆ ಜ್ವರ ಎನ್ನುತ್ತೇವೆ. ನಾಲ್ಕು ಜ್ವರ ದಾಟಿದರೆ ಕೊನೆಯ ಏಳೆಂಟು ದಿನ ಹೊಟ್ಟೆಬಾಕತನ, ಆಮೇಲೆ ಗೂಡು. ಅವಳು ಕೈ ತೊಳೆಯದೆ ಒಳಗೆ ಕಾಲಿಡಲಿಲ್ಲ, ನನ್ನನ್ನೂ ಇಡಗೊಡಲಿಲ್ಲ.

ತಪ್ಪು ಮಾಡಿದವನು ನಾನು.

ನಾಲ್ಕನೇ ಜ್ವರದ ದಿನ ಸೊಪ್ಪು ಕೊಯ್ಯುವ ಕೆಲಸವಿರಲಿಲ್ಲ. ಸುಮ್ಮನೆ ಕೂತಿದ್ದವನನ್ನು ಅಣ್ಣ ಕರೆದು, ಬದನೆಯ ಬಿಳಿ ನೊಣಕ್ಕೆ ಔಷಧಿ ಹೊಡೆಯಲು ಹೇಳಿದ. ಬದನೆ ಮಡಿ ನಮ್ಮ ತೋಟದ ಬದುವಿಗೇ ಅಂಟಿಕೊಂಡಿದೆ. ನಾನೇನು ದಡ್ಡನಲ್ಲ, ಅಂಗಡಿಯವನನ್ನು ಕೇಳಿದೆ: "ರೇಷ್ಮೆ ಹುಳು ಸಾಯುತ್ತಾ?"

"ಸಾಯಲ್ಲ. ಇದು ಸಾಯಿಸೋ ವಿಷ ಅಲ್ಲ. ಮರಿ ದೊಡ್ಡದಾಗಿ ರೆಕ್ಕೆ ಬರದಂಗೆ ತಡೆಯುತ್ತೆ, ಅಷ್ಟೇ."

ಹೊಡೆಯುವಾಗ ಗಾಳಿ ತೋಟದ ಕಡೆಗೆ ತಿರುಗಿತು. ಆದರೂ ಅನುಮಾನಕ್ಕೆ, ಜ್ವರದಿಂದ ಮೊದಲೆದ್ದ ಹತ್ತು ಹುಳುಗಳನ್ನು ರಟ್ಟಿನ ಡಬ್ಬಿಗೆ ಹಾಕಿ ಬದುವಿನ ಸೊಪ್ಪು ತಿನ್ನಿಸಿದೆ. ಇಡೀ ದಿನ ಕಾದೆ. ಒಂದೂ ವಾಂತಿ ಮಾಡಲಿಲ್ಲ, ಒಂದೂ ಸಾಯಲಿಲ್ಲ. ಮರುದಿನದಿಂದ ಇಡೀ ತೋಟದ ಸೊಪ್ಪು ಒಳಗೆ ಹೋಯಿತು. ಡಬ್ಬಿಯ ವಿಷಯ ಅವಳಿಗೆ ಹೇಳಲಿಲ್ಲ. ಸುಮ್ಮನೆ ಯಾಕೆ ಹೆದರಿಸುವುದು ಎಂದುಕೊಂಡೆ.

ನಾಲ್ಕನೇ ಜ್ವರ ಬಿಟ್ಟ ಎಂಟನೇ ದಿನ ಮೂಲೆಮನೆ ಅಕ್ಕನ ಹುಳುಗಳು ಹಣ್ಣಾದವು. ಮೈ ಹಳದಿಗೆ ತಿರುಗಿ, ಬೆಳಕು ಹಾಯುವಂತಾಗಿ, ಸೊಪ್ಪು ಬಿಟ್ಟು ತಟ್ಟೆಯ ಅಂಚಿಗೆ ಹರಿದವು. ಆಯ್ದು ಚಂದ್ರಿಕೆಗೆ ಬಿಟ್ಟಳು. ಮೂರು ದಿನದಲ್ಲಿ ಆ ಬಿದಿರಿನ ಸುರುಳಿಗಳ ತುಂಬ ಗೂಡು. ನಮ್ಮವು ತಿನ್ನುತ್ತಲೇ ಇದ್ದವು. ಬೆರಳಷ್ಟು ದಪ್ಪ, ರೋಗದ ಸುಳಿವಿಲ್ಲ.

ನೋಡಲು ಬಂದ ಅಕ್ಕ ನಕ್ಕಳು. "ಏನೇ ಇದು, ಮದುವೆಮನೆಯಲ್ಲಿ ಎರಡನೇ ಪಂಕ್ತಿಗೂ ಏಳದೆ ಕೂತ ಬೀಗರ ಥರ!"

"ನಿಮ್ಮವಕ್ಕಿಂತ ದೊಡ್ಡ ಗೂಡು ಕಟ್ಟೋಕೆ ಸಿದ್ಧವಾಗ್ತಿವೆ, ನೋಡ್ತಿರಿ," ಎಂದಳು ನನ್ನವಳು. ಅಕ್ಕ ಒಂದು ಹುಳುವನ್ನು ಬೆಳಕಿಗೆ ಹಿಡಿದು ನೋಡಿದಳು. ಮೈಯಲ್ಲಿ ಹಳದಿಯ ಸುಳಿವೇ ಇರಲಿಲ್ಲ, ಬೆಳಕು ಹಾಯಲಿಲ್ಲ. ಆಮೇಲೆ ಅವಳು ನಗಲಿಲ್ಲ.

ನನಗೆ ಆಗಲೇ ಅರ್ಥವಾಗಿತ್ತು. ನಮ್ಮ ಹುಳುವೂ ಮರಿಯೇ, ಅದಕ್ಕೂ ರೆಕ್ಕೆ ಬರಬೇಕು, ಗೂಡು ಕಟ್ಟುವುದೇ ಅದಕ್ಕಾಗಿ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಆದರೂ ಮತ್ತೆರಡು ದಿನ ಬಾಯಿ ಮುಚ್ಚಿಕೊಂಡು ಸೊಪ್ಪು ಹೊತ್ತೆ.

ಹದಿಮೂರನೇ ದಿನ ತೋಟದಲ್ಲಿ ಬರೀ ಕಡ್ಡಿ ಉಳಿಯಿತು. ಅವಳು ಚೀಲ ಹೆಗಲಿಗೆ ಹಾಕಿ ಹೊರಟಳು. "ಅಕ್ಕನ ತೋಟದಲ್ಲಿ ಸೊಪ್ಪು ಉಳಿದಿದೆ. ಕೈಕಾಲು ಹಿಡಿದಾದ್ರೂ ತರ್ತೀನಿ. ಇನ್ನೊಂದು ದಿನ ರೀ, ನಾಳೆ ಹಣ್ಣಾಗ್ತವೆ."

"ಆಗಲ್ಲ ಕಣೆ," ಎಂದೆ. ಎಲ್ಲವನ್ನೂ ಹೇಳಿದೆ. ಅಟ್ಟದಿಂದ ಡಬ್ಬಿ ಇಳಿಸಿ ತೋರಿಸಿದೆ. ನಾನು ಗುಟ್ಟಾಗಿ ಸೊಪ್ಪು ಹಾಕುತ್ತ ಬಂದಿದ್ದ ಹತ್ತೂ ಹುಳು ಜೀವಂತವಾಗಿದ್ದವು.

ಅವಳು ಡಬ್ಬಿಯನ್ನು ಕೈಗೆ ತೆಗೆದುಕೊಂಡಳು. "ಸಾಯುತ್ತಾ ಅಂತ ಪರೀಕ್ಷೆ ಮಾಡಿದ್ರಾ?"

"ಹೌದು. ಸಾಯಲಿಲ್ಲ."

"ಸತ್ತಿದ್ರೆ ಒಳ್ಳೇದಿತ್ತು. ಅವತ್ತೇ ಗೊತ್ತಾಗ್ತಿತ್ತು."

ಡಬ್ಬಿಯನ್ನು ನನ್ನ ಕೈಗೆ ವಾಪಸ್ ಕೊಟ್ಟು ಕೇಳಿದಳು: "ಭಾವನಿಗೆ ಗೊತ್ತಿತ್ತಾ?"

"ಇಲ್ಲ. ನೊಣ ಸತ್ತರೆ ಸಾಕಿತ್ತು ಅವನಿಗೆ."

ಅಣ್ಣ ಮಧ್ಯಾಹ್ನ ಬಂದ. ಖಾಲಿ ಚಂದ್ರಿಕೆಗಳನ್ನು ನೋಡಿದ, ತಟ್ಟೆಗಳನ್ನು ನೋಡಿದ. ಜೋರು ಮಾಡುತ್ತಾನೆಂದುಕೊಂಡೆ. ಮೆತ್ತಗೆ, "ನಾಡಿದ್ದು ಉಳುವವರನ್ನ ಕರೀತೀನಿ," ಎಂದಷ್ಟೇ ಹೇಳಿ ಹೋದ. ಔಷಧಿಯ ವಿಷಯ ನಾನು ಅವನಿಗೆ ಹೇಳಲಿಲ್ಲ. ಹೇಳಿದ್ದರೂ ಮೊಟ್ಟೆ ತಂದ ದಿನ ಆಡಿದ ಮಾತು ಮಾತೇ, ಗೂಡಂತೂ ಇರಲಿಲ್ಲ.

ನಾನು ಹುಳುಗಳನ್ನು ಹೂಳಲು ಹಿತ್ತಲಲ್ಲಿ ಗುಂಡಿ ತೋಡಿ ಒಳಬಂದಾಗ ಅವಳು ಅಕ್ಕನ ಮನೆಗೆ ಹೋಗಿ ಬಂದಿದ್ದಳು. ಚೀಲದ ಸೊಪ್ಪನ್ನು ತಟ್ಟೆ ತಟ್ಟೆಗೂ ಹರಡುತ್ತಿದ್ದಳು.

"ಇನ್ಯಾಕೆ?" ಎಂದೆ.

"ಹಸಿದಿವೆ," ಎಂದಳು. ಕೊನೆಯ ಹಿಡಿಯನ್ನು ನನ್ನತ್ತ ಚಾಚಿದಳು. "ನಿಮ್ಮ ಹತ್ತಕ್ಕೂ ಹಾಕಿ."