ನನ್ನ ಹನ್ನೊಂದು ವರ್ಷದ ಬಿಡುವು

ನನ್ನ ಹಳೇ ಲ್ಯಾಬಿನಲ್ಲೇ ಇಂಟರ್‌ವ್ಯೂ ಆದ ಮೂರನೇ ದಿನ ಅಲ್ಲಿಗೆ ಮೇಲ್ ಬರೆದೆ. ಸೂಕ್ಷ್ಮದರ್ಶಕದಲ್ಲಿ ಸ್ಲೈಡ್ ನೋಡಿ ಕ್ಯಾನ್ಸರ್ ಕೋಶ ಹುಡುಕುವ ಕೆಲಸ ನನ್ನದು. ಕೆಲಸ ಬೇಕೇ ಬೇಕಿತ್ತು. ಹಾಗಂತ ಹಲ್ಲು ಗಿಂಜುವವಳಲ್ಲ.

'ಹನ್ನೊಂದು ವರ್ಷದ ಬಿಡುವಿನ ಬಗ್ಗೆ ಕೇಳಿದ್ದಿರಿ. ಲಕ್ವ ಹೊಡೆದ ಅಮ್ಮನನ್ನು ನೋಡಿಕೊಂಡೆ. ಅವಳಷ್ಟು ಕಟ್ಟುನಿಟ್ಟಿನ ಮೇಲಧಿಕಾರಿ ಇನ್ನು ಸಿಗಲಿಕ್ಕಿಲ್ಲ. ಕಳೆದ ವರ್ಷ ಮರುತರಬೇತಿ ಮುಗಿಸಿದ್ದೇನೆ; ಇಂಟರ್‌ವ್ಯೂನಲ್ಲಿ ನೀವು ಪರೀಕ್ಷೆಗೆ ಕೊಟ್ಟ ಇಪ್ಪತ್ತು ಸ್ಲೈಡುಗಳೇ ಉಳಿದದ್ದು ಹೇಳಲಿ. ತೀರ್ಮಾನ ಯಾವಾಗ ತಿಳಿಯಬಹುದು?'

ಅರ್ಧ ಗಂಟೆಯಲ್ಲಿ ನೇಮಕಾತಿ ವಿಭಾಗದಿಂದ ಉತ್ತರ ಬಂತು. 'ನಮ್ಮ ದಾಖಲೆಯ ಪ್ರಕಾರ ನಿಮಗೆ ಬಿಡುವೇ ಇಲ್ಲ. ನಾಳೆ ಹತ್ತಕ್ಕೆ ಬನ್ನಿ.'

ಮರುದಿನ ಲ್ಯಾಬಿನ ಮುಖ್ಯ ಡಾಕ್ಟರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಹನ್ನೊಂದು ವರ್ಷದ ಸ್ಲೈಡುಗಳ ಪಟ್ಟಿ. ನೋಡಿದವರು ಎಂಬಲ್ಲಿ ಸಾಲು ಸಾಲಾಗಿ ನನ್ನ ಹೆಸರು. ನಿನ್ನೆ ಮಧ್ಯಾಹ್ನ ಮೂರೂ ಹತ್ತಕ್ಕೂ ನಾನೊಂದು ಸ್ಲೈಡ್ ನೋಡಿದ್ದೆ. ಆ ಹೊತ್ತಿನಲ್ಲಿ ನಾನು ಮನೆಯಲ್ಲಿ ತೀರಿಹೋದ ಅಮ್ಮನ ಬೀರು ಖಾಲಿ ಮಾಡುತ್ತಿದ್ದೆ. ಪ್ರತಿ ಸಾಲಿನ ಕೊನೆಗೆ ನನ್ನದೇ ಮಾತು: 'ಎರಡು ಸಲ ಹುಡುಕಿದೆ, ಏನೂ ಇಲ್ಲ.'

"ನೀವು ಬಿಟ್ಟಾಗ ನಿಮ್ಮ ಐಡಿ ಮುಚ್ಚೋದು ಮರೆತ್ವಿ," ಎಂದರು ಡಾಕ್ಟರು. "ಹೊಸಬ್ರಿಗೆ ಐಡಿ ಬರೋಕೆ ಮೂರು ತಿಂಗಳು ಹಿಡಿಯುತ್ತೆ. ಅಲ್ಲಿವರೆಗೆ ನಿಮ್ಮದ್ರಲ್ಲೇ ಮಾಡಿ ಅಂದೆ. ಆಮೇಲೆ ಅದೇ ರೂಢಿ ಆಗೋಯ್ತು."

"ಕೊನೇಲಿರೋ ನನ್ನ ಈ ಮಾತು?"

"ನೀವೇ ಆಗ ಕಂಪ್ಯೂಟರಲ್ಲಿ ಉಳಿಸಿಟ್ಟಿದ್ದು. ಒಂದು ಗುಂಡಿ ಒತ್ತಿದ್ರೆ ತಾನೇ ಬೀಳುತ್ತೆ."

"ಯಾರ್ಯಾರು ಒತ್ತಿದ್ರು ಸರ್?"

"ಈಗ ಹೇಗಮ್ಮ ಹೇಳೋದು?" ಅವರು ಕುರ್ಚಿ ಹತ್ತಿರ ಎಳೆದುಕೊಂಡರು. "ಮುಂದಿನ ತಿಂಗಳು ಲ್ಯಾಬಿಗೆ ಮಾನ್ಯತೆ ಕೊಡೋ ತಪಾಸಣೆಯವರು ಬರ್ತಾರೆ. ಅರ್ಜಿಯಿಂದ ಆ ಬಿಡುವು ತೆಗೆದುಬಿಡಿ, ನಿರಂತರ ಸೇವೆ ಅಂತ ಬರ್ಕೊಳ್ತೀವಿ. ನಾಳೆಯಿಂದ್ಲೇ ಕೆಲಸಕ್ಕೆ ಬನ್ನಿ."

ಸುಳ್ಳು ಯಾಕೆ ಹೇಳಲಿ, ಹೂಂ ಅನ್ನಲು ಬಾಯಿ ತೆರೆದಿದ್ದೆ. ಕೈ ಮಾತ್ರ ಪಟ್ಟಿಯಲ್ಲಿ ಹುಡುಕಲು ಅಮ್ಮನ ಹೆಸರನ್ನು ಟೈಪ್ ಮಾಡಿತು.

ಆರು ವರ್ಷದ ಹಿಂದೆ ಅಮ್ಮನ ಗರ್ಭಕಂಠದ ಸ್ಲೈಡನ್ನು ಇಲ್ಲಿಗೇ ಕಳಿಸಿದ್ದೆ. ಬೇರೆಯವರನ್ನು ನಂಬಲಾರೆ, ಅಲ್ಲಿಯ ಕೈಗಳು ನನಗೆ ಗೊತ್ತು ಎಂದು ಅಮ್ಮನಿಗೆ ಜಂಬದಿಂದ ಹೇಳಿದ್ದೆ. ಏನೂ ಇಲ್ಲ ಎಂದು ವರದಿ ಬಂತು, ಕೆಳಗೆ ಡಾಕ್ಟರ ಹೆಸರು ಮಾತ್ರ. ಎಂಟು ತಿಂಗಳಿಗೆ ಬೇರೆ ಆಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದರು. ಅಷ್ಟರಲ್ಲಿ ಅದು ಹರಡಿತ್ತು.

ಈಗ ಪರದೆಯ ಮೇಲೆ ಸ್ಲೈಡ್ ನೋಡಿದವರ ಹೆಸರೂ ಇತ್ತು. ನಾನು. ಎರಡು ಸಲ ಹುಡುಕಿದೆ, ಏನೂ ಇಲ್ಲ.

ಎದ್ದು ಮನೆಗೆ ಬಂದು ಇನ್ನೊಂದು ಮೇಲ್ ಬರೆದೆ. ತಪಾಸಣೆಯವರಿಗೂ ಅದರ ಪ್ರತಿ ಹಾಕಿದೆ.

'ಅರ್ಜಿ ತಿದ್ದುವುದಿಲ್ಲ. ಆ ಹನ್ನೊಂದು ವರ್ಷ ನಾನು ಅಲ್ಲಿರಲಿಲ್ಲ. ಅಮ್ಮನ ಮಗ್ಗುಲಲ್ಲಿದ್ದೆ. ನನ್ನ ಹೆಸರಿನ ಸ್ಲೈಡುಗಳನ್ನೆಲ್ಲ ಮತ್ತೆ ನೋಡಿಸಿ.'

ಕಳಿಸಿದಾಗ ಗಡಿಯಾರದಲ್ಲಿ ಮೂರೂ ಹತ್ತು. ಅಲ್ಲಿ ಆ ಹೊತ್ತಿಗೆ ನಾನು ಇನ್ಯಾರದೋ ಅಮ್ಮನ ಸ್ಲೈಡ್ ನೋಡುತ್ತಿದ್ದಿರಬೇಕು.