ಸಂಜೆ ಆರರ ನಂತರ

ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯ ಸಿಬ್ಬಂದಿ ಅಧಿಕಾರಿ ಪಂಢರೀನಾಥರು ಕಾರ್ಮಿಕರಿಗೆಂದು ಗೋಡೆಗೆ ಹಚ್ಚಿದ ಆ ಪತ್ರವನ್ನು ಮನಸ್ಸಿಟ್ಟು, ಮುದ್ದಾದ ಅಕ್ಷರದಲ್ಲಿ ಬರೆದಿದ್ದರು. ‘ದಿನಕ್ಕೆ ಒಂಬತ್ತು ತಾಸು ಮೀರಿ ದುಡಿದರೆ, ಮೀರಿದ ಪ್ರತಿ ತಾಸಿಗೂ ದುಪ್ಪಟ್ಟು ಪಗಾರ. ಬೆಳಿಗ್ಗೆ ಎಂಟಕ್ಕೆ ಬಂದವರಿಗೆ, ಊಟದ ತಾಸು ಬಿಟ್ಟು, ಸಂಜೆ ಆರರಿಂದ ಇದು ಲಾಗೂ.’ ಓದು ಬಾರದವರಿಗೆ ಪಾಲಿಶ್ ಯಂತ್ರದ ಯಮನೂರ ಅದನ್ನು ಎರಡೆರಡು ಸಲ ಓದಿ ಹೇಳಿದ.

ಮಾಲೀಕರು ಪತ್ರವನ್ನು ಹರಿಯಲಿಲ್ಲ. ಅಷ್ಟು ದಡ್ಡರಲ್ಲ ಅವರು. ಆರಕ್ಕೆ ಎಲ್ಲರೂ ಹೊರಹೋದಂತೆ ಹಾಜರಿಯ ಮಶೀನಿಗೆ ಹೆಬ್ಬೆಟ್ಟು ಒತ್ತಿ, ಮತ್ತೆ ಯಂತ್ರಕ್ಕೆ ನಿಲ್ಲಬೇಕು ಎಂದರು. ಒಲ್ಲೆ ಎನ್ನುವವರು ನಾಳೆಯಿಂದ ಬರುವುದೇ ಬೇಡ. ಪಂಢರೀನಾಥರು ದಿನವೂ ಆ ಹಾಜರಿಯನ್ನೇ ಲೆಕ್ಕಕ್ಕೆ ಬರೆದುಕೊಂಡರು.

ಹದಿನೈದನೆಯ ದಿನ ಸಂಜೆ ಏಳಕ್ಕೆ, ಜಾರಿದ ಕಲ್ಲಿನಡಿ ಯಮನೂರನ ಬಲಗೈ ಜಜ್ಜಿಹೋಯಿತು.

ಮರುದಿನ ಬಾಗಲಕೋಟೆಯ ದವಾಖಾನೆಗೆ ಪಂಢರೀನಾಥರು ಹಣ್ಣು ಹಿಡಿದು ಹೋದರು. ಅವರನ್ನು ಕಂಡು ಅವನು ಎದ್ದು ಕೂರಲು ನೋಡಿದ.

“ಸಾಹೇಬ್ರ, ನಾ ಆರಕ್ಕ ಮನಿಗೆ ಹೋಗೇನಿ ಅಂತ ಹೆಬ್ಬೆಟ್ಟಿನ ಮಶೀನ್ ಹೇಳತೈತಂತ. ಖರೆ ಏನ್ರಿ?”

“ಹೌದಪಾ.”

“ದುಪ್ಪಟ್ಟು ಬ್ಯಾಡ್ರಿ ನನಗ. ಏಳಕ್ಕ ನಾ ಮಶೀನ್ ಮುಂದ ಇದ್ದೆ ಅಂತ ಬರೀರಿ, ಸಾಕು. ನೀವು ಬರದದ್ದನ್ನ ನಂಬಿ ನಾಕು ಮಂದಿಗೆ ಓದಿ ಹೇಳಿದಾಂವ್ರಿ ನಾ.”

ಪಂಢರೀನಾಥರು ಹಣ್ಣಿನ ಚೀಲವನ್ನು ಮಂಚದ ಮೇಲಿಟ್ಟರು. ಅಪಘಾತದ ವರದಿಗೆ ಬೆಳಿಗ್ಗೆಯೇ ಸಹಿ ಹಾಕಿ ಬಂದಿದ್ದರು. ‘ಕೆಲಸದ ವೇಳೆ ಮುಗಿದ ಮೇಲೆ, ಅನುಮತಿಯಿಲ್ಲದೆ ಒಳಗೆ ಬಂದಿದ್ದ’ ಎಂಬ ಸಾಲನ್ನು ಅವರೇ ಬರೆದಿದ್ದರು, ಅದೇ ಮುದ್ದಾದ ಅಕ್ಷರದಲ್ಲಿ.