ಅಟ್ಟದ ಚನ್ನೆಮಣೆಗಳು

ಲಾಯಿಲದ ಲೋಕಯ್ಯ ಆಚಾರಿಗೆ ಮೂಡುಬಿದಿರೆಯ ಇದಿನಬ್ಬನಿಂದ ಕಾರ್ಡು ಬಂದದ್ದು ಮಳೆಗಾಲದ ಆಟಿ ತಿಂಗಳು ಹುಟ್ಟುವ ಸಂಕ್ರಮಣದ ಮರುದಿನ. ಬಸ್‌ಸ್ಟ್ಯಾಂಡಿನ ಎದುರಿಗೆ ಕೊಡೆ, ಬಳೆ, ಸ್ಲೇಟು, ಸಾಬೂನು ಎಲ್ಲ ಮಾರುವ ಆ ಅಂಗಡಿಯವನದ್ದು ಕಾರ್ಡಿನಲ್ಲೂ ಅಂಗಡಿಯದೇ ಭಾಷೆ: ‘ಕರಾರಿನ ಮೂರು ತಿಂಗಳು ಮುಗಿಯಿತು. ಮಾಲು ಒಂದೂ ಹೋಗಲಿಲ್ಲ. ಬಂದು ತೆಗೆದುಕೊಂಡು ಹೋಗಬೇಕು. ಅಥವಾ ಉಡುಪಿಯ ಒಬ್ಬ ವ್ಯಾಪಾರಿ ಎಲ್ಲವನ್ನೂ ಒಂದಕ್ಕೆ ಎರಡು ರೂಪಾಯಿಯಂತೆ ಕೇಳುತ್ತಾನೆ. ಒಪ್ಪಿಗೆಯಾದರೆ ತಿಳಿಸಿ.’

ಲೋಕಯ್ಯ ಕಾರ್ಡನ್ನು ಹೆಂಡತಿ ರಾಜೀವಿಗೆ ಓದಿ ಹೇಳಿದ. ಎರಡು ರೂಪಾಯಿ ಎಂದರೆ ಮರದ ಹಣ ಬರುತ್ತದೆ, ಕೈಗೆಲಸ ದೇವರಿಗೆ. ಒಂದೂ ಹೋಗಲಿಲ್ಲ ಎಂಬ ಮಾತು ಅದಕ್ಕಿಂತ ಹೆಚ್ಚು ಚುಚ್ಚಿತು. ಒಳ್ಳೆಯ ಹಲಸಿನ ಮರದಲ್ಲಿ, ಏಳೇಳು ಗುಳಿಯ ಎರಡು ಸಾಲು ತೋಡಿ, ಗುಳಿಯೊಳಗೆ ಬೆರಳಾಡಿಸಿದರೆ ಒಂದು ಮುಳ್ಳೂ ಸಿಕ್ಕದಂತೆ ನಯ ಮಾಡಿದ್ದ ಚನ್ನೆಮಣೆಗಳು ಅವು.

“ಹಾಗಾದರೆ ಅಣ್ಣನೊಟ್ಟಿಗೆ ಘಟ್ಟಕ್ಕೆ ಹೋಗುವುದೇ?” ಎಂದಳು ರಾಜೀವಿ.

ಅದೇ ಮಾತು. ಅವಳ ಅಣ್ಣ ಘಟ್ಟದ ಮೇಲೆ ಕಾಫಿ ತೋಟದ ಮೇಸ್ತ್ರಿ. ಅಲ್ಲಿ ಕೂಲಿಯವರ ಲೈನು ಮನೆಗಳ ಬಾಗಿಲು, ಕಿಟಕಿ ಮಾಡಲು ಆಳು ಬೇಕಿತ್ತು. ‘ಆಟಿ ಕಳೆಯುವುದರೊಳಗೆ ಹೇಳು’ ಎಂದು ಹೋಗಿದ್ದ. ಲೋಕಯ್ಯನಿಗೆ ಬಾಗಿಲು ಮಾಡಲು ಬಾರದೆಂದಲ್ಲ. ಆದರೆ ವರ್ಷವಿಡೀ ಇನ್ನೊಬ್ಬರ ಅಳತೆಗೆ ಮರ ಕೊಯ್ಯುವುದು, ಹೆಂಡತಿ ಇಲ್ಲಿ, ತಾನು ಅಲ್ಲಿ, ಕೈಯ ಚೆಂದದ ಕೆಲಸ ಮರೆತುಹೋಗುವುದು ಅವನಿಗೆ ಬೇಡವಾಗಿತ್ತು. ಚನ್ನೆಮಣೆ ಹೋದರೆ ಮನೆಯಲ್ಲಿಯೇ ಬದುಕು, ಹೋಗದಿದ್ದರೆ ಘಟ್ಟ. ಅತ್ತ ದರಿ, ಇತ್ತ ಪುಲಿ.

ಮರುದಿನ ಜಡಿಮಳೆಯಲ್ಲಿ ಬಸ್ಸು ಹತ್ತಿ ವೇಣೂರಿನ ದಾರಿಯಾಗಿ ಮೂಡುಬಿದಿರೆಗೆ ಬಂದಿಳಿದ. ಇಳಿದವನೇ ಅಂಗಡಿಯ ಕಪಾಟನ್ನೆಲ್ಲ ಕಣ್ಣಲ್ಲೇ ಜಾಲಾಡಿದ. ಒಂದು ಮಣೆಯೂ ಕಾಣಲಿಲ್ಲ.

“ಸಾಹುಕಾರ್ರೇ, ನನ್ನ ಮಾಲು ಎಲ್ಲಿ?”

ಇದಿನಬ್ಬ ಹಲಗೆ ಏಣಿಯ ಕಡೆಗೆ ಗಲ್ಲ ಎತ್ತಿದ. “ಅಟ್ಟದಲ್ಲುಂಟು.”

“ಅಟ್ಟದಲ್ಲಿಟ್ಟರೆ ಯಾರು ತಗೊಳ್ತಾರೆ ಮಾರಾಯ್ರೇ? ಇಲಿಯಾ?”

“ಆಚಾರ್ರೇ, ಬಿಸುವಿನ ದಿನ ಮಾಲು ಇಳಿಸಿದ್ದು ಯಾರು? ‘ಆಟಿಗೆ ಮೊದಲು ಚನ್ನೆಮಣೆ ಕೆಳಗಿಡಬೇಡಿ, ಮಕ್ಕಳು ಆಡಿಯಾರು, ಮನೆಗೆ ಒಳ್ಳೆಯದಲ್ಲ’ ಅಂತ ಹೇಳಿದ್ದು ಯಾರು? ನಾನಾ?”

ಲೋಕಯ್ಯನಿಗೆ ನೆನಪಾಯಿತು. ಹೇಳಿದ್ದು ಅವನೇ. ಊರಿನಲ್ಲಿ ಎಲ್ಲರೂ ಹಾಗೆಯೇ. ಚನ್ನೆ ಆಡುವುದು ಆಟಿ ತಿಂಗಳಲ್ಲಿ ಮಾತ್ರ, ಮಿಕ್ಕ ತಿಂಗಳು ಮಣೆ ಅಟ್ಟದ ಮೇಲೆ. ಬಿಸುವಿಗೆ ಸರಕು ಕೊಟ್ಟರೆ ಹೊಸ ವರ್ಷದ ಶುಭ ಎಂದು ಬಿಸುವಿಗೇ ಕೊಟ್ಟ. ಮಾರದೆ ಉಳಿದ ಮಾಲನ್ನು ಮೂರು ತಿಂಗಳಿಗೆ ವಾಪಸು ಒಯ್ಯಬೇಕೆಂಬ ಸಾಲಿಗೆ ಸಹಿಯನ್ನೂ ಹಾಕಿದ. ಬಿಸುವಿನಿಂದ ಮೂರು ತಿಂಗಳು ಎಣಿಸಿದರೆ ಸರಿಯಾಗಿ ಆಟಿಯ ಹೊಸ್ತಿಲಿಗೆ ಬರುತ್ತದೆಂದು ಅವನೂ ಎಣಿಸಲಿಲ್ಲ, ಇದಿನಬ್ಬನೂ ಎಣಿಸಲಿಲ್ಲ. ಶಾಸ್ತ್ರವನ್ನೂ ಸಹಿಯನ್ನೂ ಒಟ್ಟಿಗೆ ಪಾಲಿಸಿದ ಪುಣ್ಯವಂತರು ಇಬ್ಬರೂ!

“ನಿಮ್ಮ ಮಾತೂ ಇಟ್ಟೆ, ಕರಾರೂ ಇಟ್ಟೆ,” ಎಂದ ಇದಿನಬ್ಬ. “ಇನ್ನು ನನ್ನನ್ನು ದೂರಬೇಡಿ. ಆ ಜಾಗಕ್ಕೆ ಕೊಡೆಯ ಪೆಟ್ಟಿಗೆ ಬರಬೇಕು. ಎರಡು ರೂಪಾಯಿಗೆ ಕೊಟ್ಟುಬಿಡುವ. ಕರಾರಿನಲ್ಲಿ ನಾಲ್ಕು ಎಂದು ಉಂಟು, ನಿಮ್ಮನ್ನು ಕೇಳದೆ ಇಳಿಸುವ ಹಾಗಿಲ್ಲ ಅಂತಲೂ ಉಂಟು. ಅದಕ್ಕೇ ಕಾರ್ಡು ಹಾಕಿದ್ದು. ಆ ಮನುಷ್ಯ ನಗದು ಕೊಡ್ತಾನೆ.”

ನಗದು ಎಂಬ ಮಾತು ಹಸಿದವನ ಮುಂದೆ ಇಟ್ಟ ಎಲೆಯಂತೆ ಕಂಡಿತು. ಆದರೂ ಲೋಕಯ್ಯ ಏಣಿ ಹತ್ತಿದ. ಗೋಣಿ ಬಿಚ್ಚಿ ಒಂದು ಮಣೆ ತೆಗೆದು ನೋಡಿದ. ಬಿರುಕಿಲ್ಲ, ಹುಳ ಹಿಡಿದಿಲ್ಲ. ಇದಿನಬ್ಬ ಗೋಣಿಯೊಳಗೆ ಬೇವಿನ ಎಲೆ ಹಾಕಿಟ್ಟಿದ್ದ. ಅದನ್ನು ನೋಡಿ ಅವನಿಗೆ ಧೈರ್ಯ ಬಂತು. ಮಾರದ ಮಾಲಿಗೆ ಬೇವಿನ ಎಲೆ ಹಾಕುವವನು ಕೆಟ್ಟವನಲ್ಲ.

ಕೆಳಗಿಳಿದು ಹೇಳಿದ: “ಸಾಹುಕಾರ್ರೇ, ಕರಾರಿನಲ್ಲಿ ಮಾರುವುದಕ್ಕೆ ಮೂರು ತಿಂಗಳು ಅಂತ ಉಂಟಲ್ಲ. ಅಟ್ಟದಲ್ಲಿದ್ದಾಗ ಮಾರಿದ್ದು ಯಾವಾಗ? ತಪ್ಪು ನನ್ನದೇ, ಒಪ್ಪಿದೆ. ಆದರೆ ಮಾಲು ಇನ್ನೂ ನನ್ನದೇ. ನೀವು ಕಾಸು ಹಾಕಿ ತಗೊಂಡದ್ದಲ್ಲ. ಈ ಒಂದು ಆಟಿ ಕಪಾಟಿನಲ್ಲಿಡಿ. ಆಟಿ ಮುಗಿದು ಸೋಣ ಸಂಕ್ರಮಣಕ್ಕೆ ಬರ್ತೇನೆ. ಉಳಿದದ್ದು ನನ್ನ ಖರ್ಚಿನಲ್ಲೇ ಒಯ್ತೇನೆ.”

“ನನಗೇನು ಲಾಭ? ಕೊಡೆಯ ಜಾಗ ಹೋಗ್ತದೆ.”

“ರೂಪಾಯಿಗೆ ಕಾಲು ಭಾಗ ನಿಮ್ಮದು ಅಂತ ಇತ್ತು. ಈ ಸಲ ಮೂರರಲ್ಲಿ ಒಂದು ಪಾಲು. ಬೆಲೆ ಮಾತ್ರ ನಾಲ್ಕೇ. ಪೈಸೆ ಇಳಿಸಬಾರದು.”

ಇದಿನಬ್ಬ ಹೊರಗಿನ ಮಳೆಯನ್ನು ನೋಡಿದ. ಮಂಗಳೂರು ಬಸ್ಸಿನಿಂದ ಒಬ್ಬಳು ಹೊಸ ಮದುಮಗಳು ತಮ್ಮನ ಕೈ ಹಿಡಿದು ಇಳಿಯುತ್ತಿದ್ದಳು. ಆಟಿ ಕೂರಲು ತವರಿಗೆ ಹೋಗುವವಳು. ಈ ತಿಂಗಳು ಇಂಥವರು ಬಸ್ಸು ಬಸ್ಸಿಗೂ ಇಳಿಯುತ್ತಾರೆ. ತವರಿನಲ್ಲಿ ತಿಂಗಳಿಡೀ ಮಾಡುವುದಾದರೂ ಏನು? ಇದಿನಬ್ಬನ ಕಣ್ಣಿನಲ್ಲಿ ವ್ಯಾಪಾರಿಯ ಮಿಂಚು ಹೊಳೆಯಿತು.

“ಒಂದು ಮಣೆ ಇಳಿಸಿ ಆಚಾರ್ರೇ,” ಎಂದ. “ಎದುರಿಗೇ ಇಡುವ. ಕಾಳು ಸಹ ತೋರಿಸಬೇಕು, ಖಾಲಿ ಗುಳಿ ನೋಡಿ ಯಾರಿಗೆ ಆಸೆ ಬರ್ತದೆ?”

ಹೊಸ ಷರತ್ತನ್ನು ಹಳೆಯ ಕಾಗದದ ಬೆನ್ನಿಗೇ ಬರೆದರು. ಲೋಕಯ್ಯ ಈ ಸಲ ಬೆರಳು ಮಡಚಿ ಎಣಿಸಿದ ಮೇಲೆಯೇ ಸಹಿ ಹಾಕಿದ.

ಆ ತಿಂಗಳು ಅವನಿಗೆ ನಿದ್ದೆ ಬಂದಿದ್ದರೆ ಕೇಳಿ. ಮಳೆ ಜೋರಾದರೆ ಬಸ್ಸು ಬರುವುದಿಲ್ಲ, ಬಸ್ಸು ಬಾರದಿದ್ದರೆ ಮದುಮಗಳಂದಿರು ಇಳಿಯುವುದಿಲ್ಲ ಎಂಬ ಚಿಂತೆ. ಮಳೆ ನಿಂತರೆ ಯಾರೂ ಮನೆಯೊಳಗೆ ಕೂತು ಚನ್ನೆ ಆಡುವುದಿಲ್ಲ ಎಂಬ ಚಿಂತೆ. “ನಿಮಗೆ ಯಾವ ಮಳೆ ಬೇಕು, ದೇವರಿಗೆ ಚೀಟಿ ಕಳಿಸಿ,” ಎಂದು ರಾಜೀವಿ ನಕ್ಕಳು. ನಗುತ್ತಲೇ ಅವನ ಟ್ರಂಕನ್ನೂ ಒರೆಸಿಟ್ಟಳು, ಘಟ್ಟಕ್ಕೆ ಬೇಕಾದೀತೆಂದು. ಅದನ್ನು ನೋಡಿ ಲೋಕಯ್ಯನಿಗೆ ಸಂಕಟವಾಯಿತು.

ಸೋಣ ಸಂಕ್ರಮಣಕ್ಕೆ ಮೂಡುಬಿದಿರೆಯಲ್ಲಿ ಇಳಿದಾಗ ಕಪಾಟು ಬರಿದಾಗಿತ್ತು. ಅಟ್ಟಕ್ಕೆ ವಾಪಸು ಹೋಯಿತೋ ಎಂದು ಏಣಿಯ ಕಡೆಗೆ ನೋಡಿದ. ಇದಿನಬ್ಬ ತನ್ನ ಪಾಲು ಕಳೆದು ಉಳಿದ ಹಣ ಎಣಿಸಿ ಮುಂದಿಟ್ಟ.

ಲೋಕಯ್ಯ ಎಣಿಸಿದ. “ಲೆಕ್ಕಕ್ಕಿಂತ ಹೆಚ್ಚುಂಟು, ಸಾಹುಕಾರ್ರೇ. ಒಂದು ಮಣೆಯ ನಾಲ್ಕರಲ್ಲಿ ನಿಮ್ಮ ಪಾಲು ಕಳೆಯಲಿಲ್ಲ.”

“ಅದು ಮಾರಿದ್ದಲ್ಲ. ಆಟಿ ಮುಗಿಯುವಾಗ ಒಂದು ಉಳಿದಿತ್ತು, ನಿಮಗೆ ವಾಪಸು ಕೊಡಬೇಕಾದದ್ದು. ಆದರೆ ತೋರಿಸುವುದಕ್ಕೆ ಅಂತ ಇಟ್ಟದ್ದನ್ನು ನಮ್ಮ ಅಮ್ಮ ದಿನಾ ಸಂಜೆ ಮನೆಗೆ ತರಿಸಿ ಸೊಸೆಯೊಟ್ಟಿಗೆ ಆಡಿದ್ದಾರೆ. ಆಡಿದ ಮಣೆಯನ್ನು ಮಾರದ ಮಾಲು ಅಂತ ವಾಪಸು ಕೊಟ್ಟರೆ ನನ್ನ ಅಂಗಡಿಗೆ ಮರ್ಯಾದೆ ಉಂಟಾ? ನಾಲ್ಕಕ್ಕೆ ನಾಲ್ಕು ನಿಮ್ಮದೇ. ಪಾಲು ಯಾರ ಹತ್ತಿರ ತಗೊಳ್ಳುವುದು, ಅಮ್ಮನ ಹತ್ತಿರವಾ?”

ಲೋಕಯ್ಯ ಕಣ್ಣು ಒರೆಸಿಕೊಂಡ.

ಇದಿನಬ್ಬ ಹೊಸ ಕಾಗದ ತೆಗೆದ. “ಬರುವ ವರ್ಷ ಇದರ ಎರಡರಷ್ಟು ಮಾಲು ಬೇಕು. ಮಾಲು ಇಳಿಸುವುದು ಯಾವಾಗ ಅಂತ ಬರೆಯುವ? ಬಿಸುವಿಗಾ?”

“ಬಿಸು ಬೇಡ ಮಾರಾಯ್ರೇ!” ಇಬ್ಬರೂ ಬಿದ್ದು ಬಿದ್ದು ನಕ್ಕರು. ಆಟಿ ಸಂಕ್ರಮಣದ ಹಿಂದಿನ ದಿನ ಇಳಿಸುವುದು, ಸೋಣ ಸಂಕ್ರಮಣಕ್ಕೆ ಲೆಕ್ಕ, ಪಾಲು ಮತ್ತೆ ಕಾಲು ಭಾಗ, ಆಡಿದ ಮಣೆ ಮಾರಿದ ಮಣೆ ಎಂದು ಬರೆದರು.

ಸಂಜೆ ಮನೆಗೆ ಬಂದಾಗ ರಾಜೀವಿ ಬಾಗಿಲಲ್ಲಿ ನಿಂತಿದ್ದಳು. ಟ್ರಂಕು ಚಾವಡಿಯಲ್ಲೇ ಇತ್ತು. ಲೋಕಯ್ಯ ಅದನ್ನು ಎತ್ತಿ ಹೆಗಲಿಗಿಟ್ಟ.

“ಹೊರಟದ್ದೇ?” ಎಂದಳು, ದನಿ ಸಣ್ಣದಾಗಿ.

“ಇಲ್ಲ,” ಎಂದು ಅವನು ಅಟ್ಟದ ಏಣಿಗೆ ಕಾಲಿಟ್ಟ. “ಇದರ ತಿಂಗಳು ಮುಗಿಯಿತು.”